ತೊಡೆಯ ಹಿಂಭಾಗದ ಬಿಗಿತ ಮತ್ತು ಸೊಂಟನೋವು

ಪ್ರಶ್ನೆ: ದಿನಾ ಹ್ಯಾಮ್‌ಸ್ಟ್ರಿಂಗ್ ಸ್ಟ್ರೆಚ್ ಮಾಡಿದರೂ ಬಿಗಿತ ಹೋಗುತ್ತಿಲ್ಲ, ಸೊಂಟವೂ ನೋಯುತ್ತದೆ. ಇನ್ನೂ ಜೋರಾಗಿ ಎಳೆಯಬೇಕೇ?

ಉತ್ತರ: ಬೇಡ. ಬಿಗಿ ಅನ್ನಿಸುವ ಸ್ನಾಯು ಗಿಡ್ಡವಾಗಿರಲೇಬೇಕೆಂದಿಲ್ಲ. ಅದು ದುರ್ಬಲವಾಗಿದ್ದರೂ, ನರ ಕೆರಳಿದ್ದರೂ ಹಾಗನ್ನಿಸಬಹುದು. ಬಗ್ಗಿ ಕಾಲ್ಬೆರಳು ಮುಟ್ಟಲು ಹೆಣಗಿದರೆ ಸೊಂಟವೇ ಹೆಚ್ಚು ಬಾಗಿ ನೋಯುತ್ತದೆ.

ಮೊದಲು ಅಂಗಾತ ಮಲಗಿ, ಮಂಡಿ ಮಡಚದೆ ಒಂದು ಕಾಲೆತ್ತಿ. ಎಳೆತ ಶುರುವಾದಲ್ಲಿ ನಿಲ್ಲಿಸಿ ಪಾದವನ್ನು ನಿಮ್ಮತ್ತ ಮಡಿಸಿ. ಕಾಲು ಜುಮ್ಮೆಂದರೆ ನರದ ಪಾತ್ರವಿರಬಹುದು. ಎಳೆಯುವುದನ್ನು ಬಿಟ್ಟು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಕಾಲು ಜುಮ್ಮೆನ್ನದಿದ್ದರೆ ಬಲ ಬೆಳೆಸಿ. ಮಂಡಿ ಮಡಚಿ ಮಲಗಿ, ಹಿಮ್ಮಡಿಗಳನ್ನು ಪೃಷ್ಠದಿಂದ ಮಾಮೂಲಿಗಿಂತ ತುಸು ದೂರವಿಟ್ಟು ಸೊಂಟ ಎತ್ತಿ 5 ಸೆಕೆಂಡ್ ಹಿಡಿಯಿರಿ. 8 ಬಾರಿ, 3 ಸುತ್ತು, ದಿನ ಬಿಟ್ಟು ದಿನ. ಕೆಳಬೆನ್ನು ಹಿಡಿದುಕೊಂಡರೆ ಅತಿಯಾಗಿ ಎತ್ತಿದ್ದೀರಿ, ತಗ್ಗಿಸಿ. ಬದಲಾವಣೆಗೆ 6–8 ವಾರ ಕೊಡಿ. ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.