ಪಿಎನ್‌ಆರ್ ಬಂದರೆ ಟಿಕೆಟ್ ಬಂದಂತಲ್ಲ

“ಅಣ್ಣಾ, ದುಬೈಗೆ ಹೊಸಬ ನಾನು. ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಏಜೆಂಟ್ ಬೆಂಗಳೂರಿಗೆ ಹೋಗಿಬರುವ ಎಮಿರೇಟ್ಸ್ ಟಿಕೆಟ್ ಅರ್ಧ ರೇಟಿಗೆ ಕೊಡ್ತಾನಂತೆ. ಪಿಎನ್‌ಆರ್ ಕಳಿಸಿದ್ದಾನೆ, ವೆಬ್‌ಸೈಟಿನಲ್ಲಿ ನನ್ನ ಹೆಸರೂ ಬರ್ತಿದೆ. ದುಡ್ಡು ಹಾಕಲಾ?”

ಈಗಲೇ ಹಾಕಬೇಡಪ್ಪಾ. ಏಜೆಂಟರ ಬುಕಿಂಗ್ ಸಿಸ್ಟಮ್‌ನಲ್ಲಿ ಒಂದು ದಿರ್ಹಮ್ ಕೂಡ ಕಟ್ಟದೆ ಸೀಟು ಹಿಡಿದಿಡಬಹುದು. ಅದಕ್ಕೂ ಆರು ಅಕ್ಷರದ ಪಿಎನ್‌ಆರ್ ಬರುತ್ತದೆ, ಏರ್‌ಲೈನ್ ಸೈಟಿನಲ್ಲಿ ಹಾಕಿದರೆ ಹೆಸರು, ದಿನಾಂಕ, ವಿಮಾನ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಗಡುವಿನೊಳಗೆ ದುಡ್ಡು ಕಟ್ಟದಿದ್ದರೆ ಬುಕಿಂಗ್ ತಾನಾಗೇ ರದ್ದಾಗುತ್ತದೆ. ಇವರು ನಿನ್ನಿಂದ ದುಡ್ಡು ಹಾಕಿಸಿಕೊಳ್ಳುವುದು ಆ ಗಡುವು ಮುಗಿಯುವುದರೊಳಗೇ, ಅದಕ್ಕೇ ಅಷ್ಟು ಅವಸರ.

ನೀನು ಕೇಳಬೇಕಾದ್ದು ಟಿಕೆಟ್ ನಂಬರ್. ಅದರಲ್ಲಿ 13 ಅಂಕಿ ಇರುತ್ತದೆ, ಎಮಿರೇಟ್ಸ್ ಕೊಟ್ಟ ಟಿಕೆಟ್ ಆದರೆ 176ರಿಂದ ಶುರು, ಏರ್ ಇಂಡಿಯಾದ್ದಾದರೆ 098. ದುಡ್ಡು ಕಟ್ಟಿ ಟಿಕೆಟ್ ಇಶ್ಯೂ ಆದ ಮೇಲಷ್ಟೇ ಈ ನಂಬರ್ ಹುಟ್ಟುವುದು. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್‌ನಲ್ಲಿದೆ ಅಂತ ಸುಮ್ನಾಗಬೇಡ, ಪಿಡಿಎಫ್ ತಿದ್ದುವುದು ಏನು ಮಹಾ ಕೆಲಸ. ಏರ್‌ಲೈನ್ ಸೈಟಿನಿಂದಲೇ ಫೋನ್ ನಂಬರ್ ತೆಗೆದುಕೊಂಡು ಕರೆ ಮಾಡು, ಏಜೆಂಟ್ ಕೊಟ್ಟ ‘ಕಸ್ಟಮರ್ ಕೇರ್’ ನಂಬರಿಗಲ್ಲ. ಪಿಎನ್‌ಆರ್ ಹೇಳಿ, ಟಿಕೆಟ್ ಇಶ್ಯೂ ಆಗಿದೆಯಾ, ನಿನ್ನ ಪಾಸ್‌ಪೋರ್ಟಿನ ಹೆಸರಲ್ಲೇ ಇದೆಯಾ, ಬರುವ ಟಿಕೆಟೂ ಸೇರಿದೆಯಾ ಅಂತ ಕೇಳು. ಬುಕಿಂಗ್‌ನಲ್ಲಿ ನಿನ್ನ ಮೊಬೈಲ್ ಮತ್ತು ಇಮೇಲ್ ಸೇರಿಸಲು ಹೇಳು. ಇಲ್ಲದಿದ್ದರೆ ವಿಮಾನದ ಹೊತ್ತು ಬದಲಾದರೂ ಮೆಸೇಜ್ ಏಜೆಂಟಿಗೇ ಹೋಗುತ್ತದೆ.

ಇಷ್ಟಾದರೂ ಅರ್ಧ ರೇಟು ಅಂದರೆ ನನಗೆ ಅನುಮಾನವೇ. ಏಜೆಂಟರಿಗೆ ಸ್ವಲ್ಪ ಕಡಿಮೆಗೆ ಸಿಗುವುದುಂಟು, ಆದರೆ ಅರ್ಧಕ್ಕೆ ಅಲ್ಲ. ಕೆಲವರು ಯಾರದ್ದೋ ಕದ್ದ ಕಾರ್ಡಿನಲ್ಲಿ ನಿಜವಾದ ಟಿಕೆಟ್ಟೇ ತೆಗೆಯುತ್ತಾರೆ. ಆಗ ನೀನು ವಿಚಾರಿಸಿದರೂ ಎಲ್ಲಾ ಸರಿ ಅಂತಲೇ ಉತ್ತರ ಬರುತ್ತದೆ. ಕಾರ್ಡಿನವರು ಬ್ಯಾಂಕಿಗೆ ದೂರು ಕೊಟ್ಟ ಮೇಲೆ ಏರ್‌ಲೈನ್ ಅದನ್ನು ರದ್ದು ಮಾಡುತ್ತದೆ, ನಿನಗೆ ಗೊತ್ತಾಗುವುದು ಚೆಕ್-ಇನ್ ಕೌಂಟರಿನಲ್ಲಿ. ಇನ್ನೊಂದು ಆಟ ಅಂದರೆ, ನೀನು ನೋಡಿ ಖುಷಿಪಟ್ಟ ಮೇಲೆ ಅವನೇ ಟಿಕೆಟ್ ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ತೆಗೆದುಕೊಳ್ಳುವುದು. ಹಾಗಾಗಿ ಎರಡು ದಿನ ಬಿಟ್ಟು ಮತ್ತೊಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡು.

ಅವನಿಗೊಂದು ಮಾತು ಹೇಳಿ ನೋಡು: ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುತ್ತೇನೆ, ಕಂಪನಿ ಹೆಸರಿನ ರಸೀದಿ ಕೊಡು. ಕಾರ್ಡಿನಲ್ಲಿ ಕಟ್ಟಿದರೆ ಮೋಸವಾದಾಗ ಬ್ಯಾಂಕಿನಲ್ಲಿ ತಕರಾರು ಹಾಕಬಹುದು. ತನ್ನ ಸ್ವಂತ ಖಾತೆಗೇ ಹಾಕು ಅಂತ ಅವನು ಅಂದರೆ ಬ್ಲಾಕ್ ಮಾಡು. ದುಡ್ಡು ಆಗಲೇ ಹೋಗಿದ್ದರೆ ಚಾಟ್ ಅಳಿಸಬೇಡ. ಮೊದಲು ಬ್ಯಾಂಕಿಗೆ ಫೋನ್ ಮಾಡು, ಆಮೇಲೆ ದುಬೈ ಪೊಲೀಸರ ಇ-ಕ್ರೈಮ್ ಪುಟದಲ್ಲಿ ದೂರು ಕೊಡು. ವಿಚಾರಿಸಲು ಅವರದೇ 901 ನಂಬರ್ ಇದೆ.