ಫರ್ನ್ ಎಲೆಯಡಿ ಕಂದು ಚುಕ್ಕೆ: ಹುಳವೋ, ಬೀಜಕಣವೋ?

"ಬಾಸ್ಟನ್ ಫರ್ನ್ ಎಲೆಯ ಅಡಿಯಲ್ಲಿ ತುಂಬಾ ಕಂದು ಚುಕ್ಕೆ ಬಂದಿದೆ. ಸ್ಕೇಲ್ ಕೀಟವಾ? ಎಲೆ ಕತ್ತರಿಸಿಬಿಡಲಾ?"

ಕತ್ತರಿ ಈಗಲೇ ಎತ್ತಬೇಡಿ. ಮೊದಲು ಎಲೆಯ ದಂಟು ನೋಡಿ. ಫರ್ನ್ ಬೀಜದ ಬದಲು ಬಿಡುವ ಬೀಜಕಣಗಳ ಗುಂಪು ದಂಟಿನ ಮೇಲೆ ಬರುವುದಿಲ್ಲ. ಬಾಸ್ಟನ್ ಫರ್ನ್‌ನಲ್ಲಿ ಅವು ಪ್ರತಿ ಕಿರುಎಲೆಯ ಅಡಿಯಲ್ಲಿ, ನಡುನರದ ಎರಡೂ ಕಡೆ, ಅಂಚಿನ ಹತ್ತಿರ ಸಾಲಾಗಿರುತ್ತವೆ. ಒಂದೇ ಅಳತೆ, ಒಂದೇ ಅಂತರ, ಹೊಲಿಗೆ ಹಾಕಿದ ಹಾಗೆ. ಸ್ಕೇಲ್ ಕೀಟಕ್ಕೆ ಈ ಶಿಸ್ತಿಲ್ಲ. ದಂಟು, ನಡುನರ, ಕೆಲವೊಮ್ಮೆ ಎಲೆಯ ಮೇಲ್ಭಾಗದಲ್ಲೂ ಚಿಕ್ಕದು ದೊಡ್ಡದು ಸೇರಿ ಅಂಟಿಕೊಂಡಿರುತ್ತದೆ.

ಆದರೆ ಸಾಲು ಇಲ್ಲ ಅಂದ ಮಾತ್ರಕ್ಕೆ ಕೀಟ ಅಂತ ತೀರ್ಮಾನಿಸಬೇಡಿ. ಹಾಲಿ ಫರ್ನ್ ಎಂಬ ಬೇರೆ ಜಾತಿಯಲ್ಲಿ ಬೀಜಕಣದ ಚುಕ್ಕೆಗಳೂ ಎಲೆಯಡಿ ತುಂಬಾ ಚದುರಿರುತ್ತವೆ. ಅಂಥ ಗಿಡದಲ್ಲಿ ದಂಟೇ ಸರಿಯಾದ ಸಾಕ್ಷಿ.

ಇನ್ನೂ ಅನುಮಾನವಾ? ಉಗುರಿನಿಂದ ಒಂದು ಚುಕ್ಕೆ ಮೆಲ್ಲಗೆ ಎಬ್ಬಿಸಿ. ಸ್ಕೇಲ್ ಆದರೆ ಇಡೀ ಚಿಪ್ಪು ಕಳಚುತ್ತದೆ, ಅಡಿಯಲ್ಲಿ ಮೆತ್ತಗಿನ ಹುಳವೋ ಮೊಟ್ಟೆಯೋ ಸಿಗಬಹುದು. ಬಲಿತ ಬೀಜಕಣವಾದರೆ ಕಂದು ಪುಡಿ ಉದುರುತ್ತದೆ. ಎಲೆ ಅಂಟಂಟಾಗಿದ್ದು ಇರುವೆ ಓಡಾಡುತ್ತಿದ್ದರೆ ಕೀಟದ ಅನುಮಾನ ಜಾಸ್ತಿ.

ಬೀಜಕಣವಾದರೆ ಸುಮ್ನೆ ಬಿಟ್ಟುಬಿಡಿ. ಕೀಟವಾದರೆ ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಿ, ಜಾಸ್ತಿ ಹತ್ತಿದ ಎಲೆಗಳನ್ನು ಬುಡದಲ್ಲೇ ಕತ್ತರಿಸಿ, ಉಳಿದದ್ದನ್ನು ಹತ್ತಿಕಡ್ಡಿಯಿಂದ ಉಜ್ಜಿ ತೆಗೆಯಿರಿ. ಎಣ್ಣೆ, ಸೋಪಿನ ದ್ರಾವಣಕ್ಕೆ ಫರ್ನ್ ಎಲೆ ಬೇಗ ಸುಡುತ್ತದೆ. ಒಂದು ಎಲೆಗೆ ಹಾಕಿ ಕೆಲವು ದಿನ ಕಾದು ನೋಡಿ. ಮರಿಗಳು ಮತ್ತೆ ಹೊರಬರುತ್ತವೆ, ಹಾಗಾಗಿ ವಾರಕ್ಕೊಮ್ಮೆ ದಂಟು ಪರೀಕ್ಷಿಸುತ್ತಿರಿ.