ನಾಲ್ಕು ಪಿನ್ನಿನ ಕ್ಯಾಮ್‌ಕಾರ್ಡರನ್ನು ಈಗಿನ ಕಂಪ್ಯೂಟರಿಗೆ ಜೋಡಿಸುವುದು ಹೇಗೆ?

"ನನ್ನ ಹಳೆಯ ಮಿನಿ ಡಿವಿ ಕ್ಯಾಮ್‌ಕಾರ್ಡರಿನಲ್ಲಿರುವುದು ನಾಲ್ಕು ಪಿನ್ನಿನ ಫೈರ್‌ವೈರ್ ಸಾಕೆಟ್. ಸಿಕ್ಕಿರುವ ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಆರು ಪಿನ್. ಎರಡು ಪಿನ್ ಕಡಿಮೆಯಾದರೆ ಚಿತ್ರ ಕೆಡುತ್ತದೆಯೇ? ಕಂಪ್ಯೂಟರಿನಲ್ಲಿ ಯುಎಸ್‌ಬಿ ಮಾತ್ರ ಇದೆ. ಯುಎಸ್‌ಬಿ ಅಡಾಪ್ಟರ್ ಕೊಂಡರೆ ಸಾಕೇ?"

ಚಿತ್ರ ಕೂದಲೆಳೆಯಷ್ಟೂ ಕೆಡುವುದಿಲ್ಲ. ಆದರೆ ಆ ಅಡಾಪ್ಟರನ್ನು ದಯವಿಟ್ಟು ಕೊಳ್ಳಬೇಡಿ.

ಆರು ಪಿನ್‌ಗಳಲ್ಲಿ ದತ್ತಾಂಶ ಸಾಗುವುದು ನಾಲ್ಕರಲ್ಲಿ ಮಾತ್ರ. ಉಳಿದೆರಡು ವಿದ್ಯುತ್ತಿನವು: ಒಂದರಲ್ಲಿ ವೋಲ್ಟೇಜು, ಇನ್ನೊಂದರಲ್ಲಿ ಗ್ರೌಂಡ್. ಹೊರಗಿನ ಹಾರ್ಡ್‌ಡಿಸ್ಕಿನಂಥ ಸಾಧನಗಳಿಗೆ ಕೇಬಲ್ಲಿನಿಂದಲೇ ವಿದ್ಯುತ್ ಸಿಗಲಿ ಎಂದು ಅವನ್ನು ಇಟ್ಟರು. ಕ್ಯಾಮ್‌ಕಾರ್ಡರಿಗೆ ಸ್ವಂತ ಬ್ಯಾಟರಿ ಇರುವುದರಿಂದ ಆ ಎರಡನ್ನು ಬಿಟ್ಟು ಪುಟ್ಟ ಸಾಕೆಟ್ ಮಾಡಿದರು. ಸೋನಿ ಅದನ್ನೇ ಐ.ಲಿಂಕ್ ಎಂದು ಕರೆಯಿತು. ನಿಮ್ಮ ಕೇಬಲ್ ಸರಿಯಾಗಿಯೇ ಇದೆ.

ತೊಡಕಿರುವುದು ಯುಎಸ್‌ಬಿ ತುದಿಯಲ್ಲಿ. ಯುಎಸ್‌ಬಿಯಲ್ಲಿ ಕಂಪ್ಯೂಟರ್ ಕೇಳಿದಾಗ ಮಾತ್ರ ಸಾಧನ ಉತ್ತರಿಸುತ್ತದೆ. ಫೈರ್‌ವೈರ್‌ನಲ್ಲಿ ಎರಡೂ ತುದಿಗಳು ಸಮಾನ. ಕ್ಯಾಮೆರಾ ತನ್ನ ಲಯದಲ್ಲಿ ಬಿಡುವಿಲ್ಲದೆ ಚಿತ್ರ ಕಳಿಸುತ್ತಲೇ ಇರುತ್ತದೆ. ಈ ಎರಡು ಪದ್ಧತಿಗಳ ನಡುವೆ ಅನುವಾದ ಮಾಡುವ ಚಿಪ್ ಅಗ್ಗದ ಅಡಾಪ್ಟರಿನೊಳಗೆ ಇರುವುದಿಲ್ಲ. ಒಂದು ಪ್ಲಗ್ಗಿನ ತಂತಿಗಳನ್ನು ಇನ್ನೊಂದಕ್ಕೆ ಬೆಸೆದಿರುತ್ತಾರೆ, ಅಷ್ಟೇ. ಕ್ಯಾಮೆರಾದಲ್ಲೇ ಯುಎಸ್‌ಬಿ ಸಾಕೆಟ್ ಇದ್ದರೂ ಹೆಚ್ಚಿನ ಮಾದರಿಗಳಲ್ಲಿ ಅದು ಮೆಮೊರಿ ಕಾರ್ಡಿನ ಸ್ಥಿರಚಿತ್ರಗಳಿಗಾಗಿ ಇರುತ್ತದೆ. ಟೇಪಿನ ಪೂರ್ಣ ಗುಣಮಟ್ಟ ಅದರಿಂದ ಬರುವುದಿಲ್ಲ.

ಮೇಜಿನ ಕಂಪ್ಯೂಟರಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿಯಿದ್ದರೆ ಫೈರ್‌ವೈರ್ ಕಾರ್ಡ್ ಹಾಕುವುದೇ ನೇರ ದಾರಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಥವಾ ವಿಯಾ ಚಿಪ್ಪಿನ ಕಾರ್ಡ್ ಆರಿಸಿ. ಕೆಲವು ಕಾರ್ಡ್‌ಗಳ ಮೇಲೆ ಒಳಗಿನಿಂದ ವಿದ್ಯುತ್ ಕೊಡುವ ಕನೆಕ್ಟರ್ ಇರುತ್ತದೆ. ಕ್ಯಾಮ್‌ಕಾರ್ಡರಿಗಷ್ಟೇ ಬಳಸುವುದಾದರೆ ನಾನು ಅದನ್ನು ಜೋಡಿಸುವುದೇ ಇಲ್ಲ. ಏಕೆಂದು ಹೇಳುತ್ತೇನೆ.

ಆರು ಪಿನ್ನಿನ ಪ್ಲಗ್ ಆಯತಾಕಾರದ್ದು. ಅದರ ಒಂದು ತುದಿ ಮಾತ್ರ ಕಿರಿದಾಗುತ್ತಾ ಹೋಗುತ್ತದೆ. ಸಾಕೆಟ್ಟಿನ ತಗಡು ಸಡಿಲವಾಗಿದ್ದರೆ, ಕತ್ತಲಲ್ಲಿ ಕಂಪ್ಯೂಟರಿನ ಹಿಂದೆ ಕೈಹಾಕಿ ಒತ್ತಿದಾಗ ಪ್ಲಗ್ ತಲೆಕೆಳಗಾಗಿಯೂ ಒಳಗೆ ಹೋಗಿಬಿಡುತ್ತದೆ. ಆಗ ಸಾಕೆಟ್ಟಿನ ಒಂದನೇ ಪಿನ್ನು, ಅಂದರೆ ವೋಲ್ಟೇಜಿನ ಪಿನ್ನು, ಪ್ಲಗ್ಗಿನ ಆರನೆಯದಕ್ಕೆ ತಗಲುತ್ತದೆ. ಆರನೆಯದು ದತ್ತಾಂಶದ ತಂತಿ. ಅದು ನಾಲ್ಕು ಪಿನ್ನಿನ ತುದಿಗೂ ಹೋಗುತ್ತದೆ. ಹನ್ನೆರಡು ವೋಲ್ಟ್ ನೇರವಾಗಿ ಕ್ಯಾಮೆರಾದ ಚಿಪ್ಪಿಗೆ ಬಡಿಯುತ್ತದೆ. ಟೇಪ್ ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿಯೇ ಓಡುತ್ತಿದ್ದು, ಯಾವ ಕಂಪ್ಯೂಟರಿಗೂ ಆ ಕ್ಯಾಮೆರಾ ಕಾಣದೇ ಹೋದರೆ ಹೀಗೆ ಸುಟ್ಟಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಎರಡನ್ನೂ ಆಫ್ ಮಾಡಿ, ಬೆಳಕಿನಲ್ಲಿ ನೋಡಿಕೊಂಡು ಆರು ಪಿನ್ನಿನ ತುದಿಯನ್ನು ಮೊದಲು ಸಿಕ್ಕಿಸಿ, ಆಮೇಲೆ ಕ್ಯಾಮೆರಾದ ತುದಿಯನ್ನು. ನಾಲ್ಕು ಪಿನ್ನಿನ ಪ್ಲಗ್ ತೀರಾ ನಾಜೂಕು, ಅದನ್ನು ಬಲವಂತ ಮಾಡಬೇಡಿ.

ಕ್ಯಾಮೆರಾವನ್ನು ಅದರದೇ ಚಾರ್ಜರಿಗೆ ಜೋಡಿಸಿ, ಟೇಪ್ ನೋಡುವ ವಿಸಿಆರ್ ಸ್ಥಿತಿಗೆ ತಿರುಗಿಸಿ. ವಿಂಡೋಸ್‌ನಲ್ಲಿ WinDV ಎಂಬ ಪುಟ್ಟ ತಂತ್ರಾಂಶ ಸಾಕು. ನನಗೆ ಹಿಡಿಸಿರುವುದು ಲಿನಕ್ಸಿನ ಈ ಆದೇಶ:

```
dvgrab --autosplit --timestamp --size 0 tape1-
```

ಟೇಪನ್ನು ಇದೇ ಓಡಿಸುತ್ತದೆ. ಚಿತ್ರೀಕರಣ ನಿಂತು ಮತ್ತೆ ಶುರುವಾದ ಕಡೆಯೆಲ್ಲ ಹೊಸ ಕಡತ ತೆರೆದು, ಅಂದು ಕ್ಯಾಮೆರಾ ಬರೆದುಕೊಂಡಿದ್ದ ದಿನಾಂಕ ಮತ್ತು ಸಮಯವನ್ನು ಕಡತದ ಹೆಸರಿಗೇ ಸೇರಿಸುತ್ತದೆ. ಮನೆಯ ಹಳೆಯ ಟೇಪುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಸುಮಾರು 13 ಜಿಬಿ ಜಾಗ ಹಿಡಿಯುತ್ತದೆ.

ನಡುವೆ ಚಿತ್ರ ಚೌಕಚೌಕವಾಗಿ ಒಡೆದರೆ ಕ್ಯಾಮೆರಾದ ಪರದೆಯನ್ನು ನೋಡಿ. ಅಲ್ಲೂ ಒಡೆದಿದ್ದರೆ ಹೆಡ್ ಕೊಳೆಯಾಗಿದೆ ಅಥವಾ ಟೇಪ್ ಸವೆದಿದೆ. ಹೆಡ್ ಒರೆಸುವ ಕ್ಯಾಸೆಟ್ ಓಡಿಸಿ ಮತ್ತೆ ಪ್ರಯತ್ನಿಸಿ. ಅಲ್ಲಿ ಸರಿಯಿದ್ದು ಕಡತದಲ್ಲಿ ಫ್ರೇಮುಗಳು ತಪ್ಪಿದ್ದರೆ ಕೇಬಲ್, ಕಾರ್ಡ್ ಅಥವಾ ಬೇರೆ ಕೆಲಸದಲ್ಲಿ ಮುಳುಗಿದ ಡಿಸ್ಕ್ ಕಾರಣ.

ಸ್ಲಾಟ್ ಇಲ್ಲದ ಮ್ಯಾಕ್‌ನಲ್ಲಿ ಥಂಡರ್‌ಬೋಲ್ಟ್ 3ರಿಂದ 2ಕ್ಕೆ, ಅಲ್ಲಿಂದ ಫೈರ್‌ವೈರ್ 800ಕ್ಕೆ ಆಪಲ್‌ನ ಎರಡು ಅಡಾಪ್ಟರುಗಳನ್ನು ಸರಪಳಿಯಂತೆ ಜೋಡಿಸಬಹುದು. ಕೊನೆಯಲ್ಲಿ ಒಂಬತ್ತರಿಂದ ನಾಲ್ಕು ಪಿನ್ನಿನ ಕೇಬಲ್ ಬೇಕಾಗುತ್ತದೆ. ಆದರೆ ಮ್ಯಾಕ್ ಓಎಸ್ 26ರಲ್ಲಿ ಫೈರ್‌ವೈರ್ ಬೆಂಬಲವನ್ನು ತೆಗೆದಿದ್ದಾರೆ, ಹಾಗಾಗಿ ಟೇಪುಗಳೆಲ್ಲ ಮುಗಿಯುವವರೆಗೆ ಆ ಯಂತ್ರವನ್ನು ಹಿಂದಿನ ಆವೃತ್ತಿಯಲ್ಲೇ ಇಟ್ಟುಕೊಳ್ಳಿ.